ಸೆರಗಿಗೆ ಸಿಕ್ಕದ ವಾಚು

ರೇಷ್ಮೆ ಸೀರೆಗೆ ಯಾವ ವಾಚು ಹೊಂದುತ್ತದೆ ಎಂದು ಕೇಳಿದರೆ ಅಂಗಡಿಯವರು ನೇರವಾಗಿ ಬಣ್ಣಕ್ಕೆ ಬರುತ್ತಾರೆ. ಕೆಂಪು ಸೀರೆಯೇ, ಹಾಗಾದರೆ ಚಿನ್ನದ ಬಣ್ಣದ್ದು. ನೀಲಿಯೇ, ಹಾಗಾದರೆ ಬೆಳ್ಳಿ ಬಣ್ಣದ್ದು. ಕನ್ನಡಿ ಮುಂದೆ ನಿಂತು ನೋಡಿದಾಗ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಮದುವೆ ಮನೆಯಲ್ಲಿ ಯಾರೂ ಕನ್ನಡಿ ಮುಂದೆ ನಿಂತಿರುವುದಿಲ್ಲ. ಕೂರುತ್ತಾರೆ, ಏಳುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ, ನೆರಿಗೆ ಹಿಡಿದು ವೇದಿಕೆಯ ಮೆಟ್ಟಿಲು ಹತ್ತುತ್ತಾರೆ. ಹೊತ್ತು ಇಳಿಯುವಷ್ಟರಲ್ಲಿ ಆ ವಾಚು ಸೀರೆಗೆ ಏನು ಮಾಡಿದೆ, ಬಳೆಗಳು ವಾಚಿಗೆ ಏನು ಮಾಡಿವೆ ಎಂಬ ಲೆಕ್ಕವನ್ನು ಬಣ್ಣ ಹೇಳುವುದಿಲ್ಲ. ನಾನು ವಾಚನ್ನು ಕೈಗೆ ತೆಗೆದುಕೊಂಡ ಕೂಡಲೇ ಡಯಲು ನೋಡುವುದಿಲ್ಲ, ಅದರ ಅಂಚಿನ ಮೇಲೆ ಬೆರಳು ಆಡಿಸುತ್ತೇನೆ.

ನಮ್ಮ ಕಡೆ ಸೀರೆ ಉಡುವ ರೀತಿಯನ್ನೇ ನೋಡಿ. ಸೆರಗು ಎಡ ಭುಜದ ಮೇಲಿಂದ ಇಳಿಯುತ್ತದೆ. ಪಿನ್ನು ಹಾಕದೆ ಬಿಟ್ಟರೆ ಎಡ ಮುಂಗೈ ಮೇಲೆ ಬಂದು ಕೂರುತ್ತದೆ. ನಾವು ವಾಚು ಕಟ್ಟುವುದೂ ಎಡಗೈಗೇ. ಅಂದರೆ ಸೀರೆಯಲ್ಲಿ ಜರಿ ಅತಿ ಹೆಚ್ಚಾಗಿರುವ ಭಾಗವೂ, ಮೈಮೇಲಿರುವ ಅತಿ ಚೂಪಾದ ಲೋಹವೂ ದಿನವಿಡೀ ಒಂದೇ ಜಾಗದಲ್ಲಿ ಉಜ್ಜಾಡುತ್ತಿರುತ್ತವೆ. ಕೀ ಕೊಡುವ ಆ ಸಣ್ಣ ಗುಂಡಿ ಇದೆಯಲ್ಲ, ಎಡಗೈಗೆ ಕಟ್ಟಿದಾಗ ಅದು ಬೆರಳುಗಳ ಕಡೆಗೆ ಮುಖ ಮಾಡಿರುತ್ತದೆ. ಜಾರಿದ ಸೆರಗನ್ನು ಮೇಲೆಳೆದುಕೊಳ್ಳುವಾಗ, ನೆರಿಗೆಯ ಒಳಗೆ ಕೈ ಹಾಕುವಾಗ ಬಟ್ಟೆಗೆ ಮೊದಲು ತಾಗುವುದು ಅದೇ. ಅದರ ಸುತ್ತ ಬೆರಳಿಗೆ ಹಿಡಿತ ಸಿಗಲೆಂದು ಸಣ್ಣ ಹಲ್ಲುಗಳನ್ನು ಕೊರೆದಿರುತ್ತಾರೆ. ಬೆರಳಿಗೆ ಸಿಗುವ ಹಿಡಿತ ರೇಷ್ಮೆಯ ಎಳೆಗೂ ಸಿಗುತ್ತದೆ.

ಎಲ್ಲ ರೇಷ್ಮೆಯೂ ಒಂದೇ ರೀತಿ ಕೆಡುವುದಿಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಿಂದ ಇಂದಿಗೂ ಬರುವ ಮೈಸೂರು ಸಿಲ್ಕು ಕ್ರೇಪ್ ನೇಯ್ಗೆಯದು. ಅದರ ನೂಲಿಗೆ ಜೋರಾಗಿ ಹುರಿ ಕೊಟ್ಟಿರುತ್ತಾರೆ. ಆ ಸೀರೆ ಮೈಗೆ ಅಂಟಿದಂತೆ ಇಳಿಯುವುದು ಆ ಹುರಿಯಿಂದಲೇ. ಆದರೆ ಒಂದು ಎಳೆಯನ್ನು ವಾಚಿನ ಮೂಲೆ ಹಿಡಿದು ಎಳೆಯಿತೆಂದರೆ ಅದು ಅಲ್ಲೊಂದು ಕುಣಿಕೆಯಾಗಿ ನಿಲ್ಲುವುದರ ಜೊತೆಗೆ ಎರಡೂ ಬದಿಗೆ ಗೇಣುದ್ದ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತದೆ. ಒಡಲು ಸಾದಾ, ಒಂದೇ ಬಣ್ಣ. ಆ ಗೆರೆಯನ್ನು ಮುಚ್ಚಿಡಲು ಅಲ್ಲಿ ಬುಟ್ಟಾ ಇಲ್ಲ, ಗೋಪುರವಿಲ್ಲ. ಕಂಚಿಯ ದಪ್ಪ ರೇಷ್ಮೆ ಒಡಲಿನ ಮಟ್ಟಿಗೆ ಗಟ್ಟಿಗ. ಅಲ್ಲಿ ಅಪಾಯವಿರುವುದು ಸೆರಗಿನ ಜರಿ ಕೆಲಸದಲ್ಲಿ. ಜರಿ ಎಂದರೆ ರೇಷ್ಮೆ ಎಳೆಯ ಸುತ್ತ ತೆಳ್ಳಗಿನ ಬೆಳ್ಳಿ ಪಟ್ಟಿ ಸುತ್ತಿ ಅದಕ್ಕೆ ಚಿನ್ನದ ನೀರು ಹಾಕಿದ್ದು. ತಮ್ಮ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ ಎಂದು ಮೈಸೂರು ಸಿಲ್ಕಿನ ಕೆಎಸ್‌ಐಸಿಯವರು ಹೇಳುತ್ತಾರೆ. ಆ ಪಟ್ಟಿ ಒಮ್ಮೆ ಬಿಚ್ಚಿಕೊಂಡರೆ ಒಳಗಿನ ಬಣ್ಣದ ಎಳೆ ಇಣುಕುತ್ತದೆ. ಅದನ್ನು ಮತ್ತೆ ಸುತ್ತುವ ಉಪಾಯವಿಲ್ಲ. ಇನ್ನು ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿಸಿದ್ದರೆ ನೇಗಿ ಹೊಲಿಗೆಯ ಉದ್ದುದ್ದ ಎಳೆಗಳು ಬಟ್ಟೆಯ ಮೇಲೆಯೇ ಮಲಗಿರುತ್ತವೆ. ಸಿಕ್ಕಿಕೊಳ್ಳಲು ಅವಕ್ಕೆ ನೆಪವೂ ಬೇಕಿಲ್ಲ.

ಹಾಗಾದರೆ ವಾಚು ಸೀರೆಯನ್ನು ಹಿಡಿಯುತ್ತದೋ ಇಲ್ಲವೋ ಎಂದು ಸೀರೆ ಉಡುವ ಮೊದಲೇ ತಿಳಿಯುವುದು ಹೇಗೆ? ದೀಪದ ಬತ್ತಿಗೆಂದು ಮನೆಯಲ್ಲಿ ಇಟ್ಟಿರುವ ಹತ್ತಿಯೇ ಸಾಕು. ಅಂಗೈಯಷ್ಟು ಹತ್ತಿ ತೆಗೆದುಕೊಂಡು ಬಿಡಿಸಿ, ವಾಚಿನ ಮೇಲೆ ಹಗುರವಾಗಿ ಎಲ್ಲ ದಿಕ್ಕಿಗೂ ಸವರಬೇಕು. ಗಾಜಿನ ಸುತ್ತ, ಕೀ ಗುಂಡಿಯ ಸುತ್ತ, ಬೆಲ್ಟು ಕೇಸಿಗೆ ಸೇರುವ ನಾಲ್ಕು ಮೂಲೆಗಳಲ್ಲಿ, ಚೈನಿನ ಪ್ರತಿ ಕೊಂಡಿಯ ಮೇಲೆ, ಕೊನೆಗೆ ಒಳಬದಿಯ ಲಾಕಿನ ಮೇಲೆ. ಎಲ್ಲಿ ಹತ್ತಿಯ ಎಳೆ ಅಂಟಿಕೊಂಡು ನಿಂತಿತೋ ಅಲ್ಲೇ ರೇಷ್ಮೆಯೂ ನಿಲ್ಲುತ್ತದೆ. ಕಣ್ಣಿಗೆ ಕಾಣದ, ಬೆರಳಿಗೂ ತಿಳಿಯದ ಚೂಪನ್ನು ಹತ್ತಿ ತೋರಿಸಿಕೊಡುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಮಾಡಬಹುದು. ವಾಚಂಗಡಿಯವರು ಸ್ವಲ್ಪ ವಿಚಿತ್ರವಾಗಿ ನೋಡುತ್ತಾರೆ, ಅಷ್ಟೇ.

ಕಳೆದ ಮಾಗಿಯಲ್ಲಿ ನಮ್ಮಣ್ಣನ ಮಗಳು ಮೂರು ವಾಚು ತಂದು ಊಟದ ಮೇಜಿನ ಮೇಲೆ ಇಟ್ಟಳು. ಅವಳ ಗೆಳತಿಯ ಮದುವೆ ಮೈಸೂರಿನಲ್ಲಿ. ಬೆಳಿಗ್ಗೆ ಮುಹೂರ್ತಕ್ಕೆ ಕಡುಗೆಂಪು ಮೈಸೂರು ಸಿಲ್ಕು, ಸಂಜೆ ಆರತಕ್ಷತೆಗೆ ಬೇರೊಂದು ಸೀರೆ. ಎರಡು ಚಿನ್ನದ ಬಳೆ ಇವೆ, ಜೊತೆಗೆ ಹಸಿರು ಗಾಜಿನ ಬಳೆ ತೊಡಲೇಬೇಕು. "ಅತ್ತೆ, ಇದರಲ್ಲಿ ಯಾವುದು ಅಂತ ನೀವೇ ಹೇಳಿಬಿಡಿ, ನಂಗೆ ಮೂರೂ ಇಷ್ಟ" ಅಂದಳು.

ಮೊದಲನೆಯದು ಗುಲಾಬಿ ಚಿನ್ನದ ಬಣ್ಣದ್ದು, ಡಯಲಿನ ಸುತ್ತ ಬಿಳಿ ಕಲ್ಲುಗಳ ಸಾಲು, ತೆಳ್ಳಗಿನ ಚೈನು, ಲಾಕಿನ ಪಕ್ಕದಲ್ಲಿ ಜೋತಾಡುವ ಇನ್ನೊಂದು ಪುಟ್ಟ ಸರಪಳಿ. ಹತ್ತಿ ಸವರಿದೆವು. ಕಲ್ಲುಗಳನ್ನು ಕಚ್ಚಿ ಹಿಡಿದಿರುವ ಉಗುರಿನಂಥ ಕೊಕ್ಕೆಗಳಲ್ಲಿ ಸುತ್ತಲೂ ಎಳೆಗಳು ನಿಂತವು. ಪುಟ್ಟ ಸರಪಳಿಯ ಕೊಕ್ಕೆಯಂತೂ ಹತ್ತಿಯ ಒಂದು ಮುದ್ದೆಯನ್ನೇ ಕಿತ್ತುಕೊಂಡಿತು. ಕಲ್ಲುಗಳನ್ನು ಲೋಹದ ಅಂಚಿನೊಳಗೆ ಹುದುಗಿಸಿ ಕೂರಿಸಿದ್ದರೆ ಈ ತೊಂದರೆ ಇರುವುದಿಲ್ಲ. ಕೊಕ್ಕೆ ಹಾಕಿ ಕೂರಿಸಿದ್ದರೆ ತಪ್ಪುವುದೂ ಇಲ್ಲ. ರೇಷ್ಮೆಯ ದಿನಕ್ಕೆ ಅದು ಬೇಡವೆಂದು ಪಕ್ಕಕ್ಕಿಟ್ಟೆವು. ಜೀನ್ಸ್ ಪ್ಯಾಂಟಿನ ಮೇಲೆ ಅದು ಚೆನ್ನಾಗಿಯೇ ಇರುತ್ತದೆ.

ಎರಡನೆಯದು ಅವಳ ಮದುವೆಯಲ್ಲಿ ಗಂಡನ ಮನೆಯ ಅತ್ತೆ ಕೊಟ್ಟದ್ದು. ಉಕ್ಕು ಮತ್ತು ಚಿನ್ನದ ಬಣ್ಣ ಸೇರಿದ ಚೈನು, ದುಂಡನೆಯ ಕೇಸು, ಸಾದಾ ಡಯಲು. ಕೇಸಿನ ಮೇಲೆ ಹತ್ತಿ ಬೆಣ್ಣೆಯಂತೆ ಜಾರಿತು. ಚೈನಿನ ಮೇಲೆ ಮಾತ್ರ ಒಂದೇ ಒಂದು ಕಡೆ ನಿಂತಿತು. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಕೊಂಡಿಗಳನ್ನು ಸೇರಿಸುವ ಪಿನ್ನು ಕೂದಲೆಳೆಯಷ್ಟು ಹೊರಗೆ ಬಂದಿದೆ. ಕೈಯಳತೆಗೆ ಚೈನು ಚಿಕ್ಕದು ಮಾಡಿಸಿದಾಗ ಹೀಗಾಗುವುದುಂಟು. ತೆಗೆದ ಪಿನ್ನನ್ನು ಬಾಣದ ಗುರುತಿನ ದಿಕ್ಕಿಗೆ ಸರಿಯಾಗಿ ಒಳಕ್ಕೆ ಬಡಿಯದಿದ್ದರೆ ಅದು ತಿಂಗಳುಗಟ್ಟಲೆ ಮೆಲ್ಲಗೆ ಹೊರಗೆ ಸರಿಯುತ್ತದೆ. ಸೀರೆ ಹರಿಯುವುದು ಒಂದು ಕಡೆಗಿರಲಿ, ಕೊನೆಗೊಂದು ದಿನ ವಾಚೇ ಕಳಚಿ ಬೀಳುತ್ತದೆ. ರಿಪೇರಿಯವರು ಪಿನ್ನನ್ನು ಒಳಕ್ಕೆ ಕೂರಿಸಿಕೊಟ್ಟ ಮೇಲೆ ಹತ್ತಿ ಎಲ್ಲೂ ನಿಲ್ಲಲಿಲ್ಲ.

ಮೂರನೆಯದು ಅವಳು ಕಾಲೇಜಿಗೆ ಕಟ್ಟಿಕೊಂಡು ಹೋಗುತ್ತಿದ್ದ 26 ಮಿಲಿಮೀಟರಿನ ಸಣ್ಣ ವಾಚು, ಚರ್ಮದ ಬೆಲ್ಟಿನದು. ಬೆಲ್ಟು ಸವೆದು ಬಿರುಕು ಬಿಟ್ಟಿತ್ತು. ಕೇಸು ಮಾತ್ರ ತೆಳ್ಳಗೆ, ಮೂಲೆಗಳೆಲ್ಲ ಇಳಿಜಾರು, ಕೀ ಗುಂಡಿ ಅರ್ಧ ಕೇಸಿನೊಳಗೇ ಹುದುಗಿತ್ತು.

ಹತ್ತಿಯ ಪ್ರಕಾರ ಎರಡನೆಯದೂ ಪಾಸು, ಮೂರನೆಯದೂ ಪಾಸು. ಅತ್ತೆ ಕೊಟ್ಟದ್ದೇ ಇರಲಿ ಎಂದು ಅವಳು ಆಗಲೇ ಮನಸ್ಸು ಮಾಡಿದ್ದಳು. ತಡೆದದ್ದು ಬಳೆ.

ಈ ಬಳೆಯ ವಿಚಾರವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ನಷ್ಟ ಆಗುವುದು ಚಿನ್ನಕ್ಕೆ. ವಸ್ತುಗಳ ಗಟ್ಟಿತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಚಿನ್ನ ಮೂರನ್ನೂ ದಾಟುವುದಿಲ್ಲ. ಗಾಜು ಐದೂವರೆಯ ಆಸುಪಾಸು. ವಾಚಿನ ಉಕ್ಕು ಚಿನ್ನಕ್ಕಿಂತ ಎಷ್ಟೋ ಗಟ್ಟಿ. ಗಟ್ಟಿಯಾದದ್ದು ಮೆತ್ತಗಿನದನ್ನು ಗೀರುತ್ತದೆ, ಅದಕ್ಕೆ ಬೆಲೆಯ ಹಂಗಿಲ್ಲ. ಉಕ್ಕಿನ ಚೈನಿಗೆ ತಾಗಿಕೊಂಡು 22 ಕ್ಯಾರೆಟ್ಟಿನ ಬಳೆ ತೊಟ್ಟರೆ ಚೈನಿನ ಅಂಚು ದಿನವಿಡೀ ಬಳೆಯನ್ನು ಅರವಾಗಿ ಉಜ್ಜುತ್ತಿರುತ್ತದೆ. ಒಂದು ಮದುವೆಗೆ ಏನೂ ಗೊತ್ತಾಗುವುದಿಲ್ಲ. ಹತ್ತಾರು ವರ್ಷ ಎಡಗೈಗೆ ವಾಚಿನ ಪಕ್ಕದಲ್ಲೇ ತೊಟ್ಟ ಬಳೆಯನ್ನು ಬಲಗೈಯ ಜೋಡಿ ಬಳೆಯ ಪಕ್ಕದಲ್ಲಿಟ್ಟು ನೋಡಿ. ಒಂದು ಬದಿಯ ಚಿತ್ತಾರ ನುಣುಪಾಗಿ ಅಳಿಸಿಹೋಗಿರುತ್ತದೆ. ಹಳೆಯ ಬಳೆ ಮುರಿಸಲು ಹೋದಾಗ ತೂಕದಲ್ಲಿ ಕಡಿಮೆ ಬಂತೆಂದು ಅಕ್ಕಸಾಲಿಗರ ಮೇಲೆ ಗುಮಾನಿ ಪಡುವವರು ಮೊದಲು ತಮ್ಮ ವಾಚಿನ ಚೈನನ್ನು ನೋಡಿಕೊಳ್ಳುವುದು ಒಳ್ಳೆಯದು.

ಗಾಜಿನ ಬಳೆಯ ಕತೆ ತಿರುಗುಮುರುಗು. ಅದು ವಾಚಿನ ಮೇಲಿನ ಚಿನ್ನದ ಲೇಪವನ್ನು ಗೀರುತ್ತದೆ. ಕೇಸಿನ ಅಂಚು, ಚೈನಿನ ಉಬ್ಬು, ಹೀಗೆ ಎತ್ತರದ ಜಾಗಗಳಲ್ಲಿ ಮೊದಲು ಹಳದಿ ಹೋಗಿ ಬಿಳಿಯೋ ತಾಮ್ರದ ಛಾಯೆಯೋ ಕಾಣುತ್ತದೆ. ಒಳಗೆ ಹಿತ್ತಾಳೆಯಿದ್ದರೆ ಬೆವರಿಗೆ ಮಣಿಕಟ್ಟಿನ ಮೇಲೆ ಹಸಿರು ಕರೆಯೂ ಬರುತ್ತದೆ. ಹಳೆಯ ರೀತಿ ಚಿನ್ನದ ನೀರಿನಲ್ಲಿ ಅದ್ದಿದ ಲೇಪಕ್ಕಿಂತ ಪಿವಿಡಿ ಎಂಬ ವಿಧಾನದಲ್ಲಿ ಕೂರಿಸಿದ ಲೇಪ ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಕೇಳಿ ತಿಳಿಯಬೇಕಾದ ಒಂದೇ ತಾಂತ್ರಿಕ ಸಂಗತಿ ಇದ್ದರೆ ಅದು ಇದು. ಬೇಕಿದ್ದರೆ ವಾಚಿನ ಗಾಜಿನ ವಿಚಾರವನ್ನೂ ಕೇಳಬಹುದು. ನೀಲಮಣಿ ಗಾಜು, ಅಂಗಡಿಯವರ ಬಾಯಲ್ಲಿ ಸಫೈರ್, ಗಟ್ಟಿತನದಲ್ಲಿ ಒಂಬತ್ತು. ಬಳೆ ಅದನ್ನು ಗೀರಲಾರದು. ಮಾಮೂಲು ಗಾಜಿನ ಮೇಲೆ ಬಳೆಗಳ ಜೊತೆ ಸ್ವಲ್ಪ ಧೂಳೂ ಸೇರಿದರೆ ಎರಡು ಶ್ರಾವಣ ಕಳೆಯುವಷ್ಟರಲ್ಲಿ ಸಣ್ಣ ಸಣ್ಣ ಗೀರು ಬೀಳುತ್ತವೆ.

ಬಳೆಯನ್ನೂ ವಾಚನ್ನೂ ಒಂದೇ ಕೈಗೆ ಹಾಕಲೇಬೇಕಾದರೆ ಜಾಗ ಹಂಚಿಕೊಡುವುದು ಮುಖ್ಯ. ಹೆಚ್ಚಿನವರು ವಾಚನ್ನು ಅಂಗೈಗೆ ಹತ್ತಿರ ಕಟ್ಟಿ ಬಳೆಗಳನ್ನು ಮೊಣಕೈ ಕಡೆ ಬಿಡುತ್ತಾರೆ. ಕೈ ಕೆಳಗೆ ಬಿಟ್ಟೊಡನೆ ಎಲ್ಲ ಬಳೆಗಳೂ ವಾಚಿನ ಮೇಲೆ ಬಂದು ಬೀಳುತ್ತವೆ. ನಿಂತಿರುವಷ್ಟು ಹೊತ್ತೂ ನಮ್ಮ ಕೈ ಕೆಳಗೇ ತಾನೆ ಇರುವುದು? ಬದಲಿಗೆ ಮಣಿಕಟ್ಟಿನ ಗುಬುಟಿನಿಂದ ಮೇಲಕ್ಕೆ, ಮೊಣಕೈ ಕಡೆಗೆ, ವಾಚನ್ನು ಅಲ್ಲಾಡದಂತೆ ಕಟ್ಟಿ ಬಳೆಗಳನ್ನು ಅಂಗೈ ಕಡೆ ಬಿಟ್ಟರೆ ಅವು ವಾಚಿನಿಂದ ದೂರಕ್ಕೆ ಜಾರುತ್ತವೆ. ಇದಕ್ಕೆ ಬೆಲ್ಟಿನಲ್ಲಿ ಒಂದು ರಂಧ್ರ ಹೆಚ್ಚು ಸಡಿಲಿಕೆ ಬೇಕಾಗುತ್ತದೆ, ಮೇಲೆ ಹೋದಂತೆ ಮುಂಗೈ ದಪ್ಪವಲ್ಲವೇ. ಚರ್ಮದ ಬೆಲ್ಟಿನಲ್ಲಿ ಅದು ಸುಲಭ. ಚೈನಾದರೆ ಒಂದು ಕೊಂಡಿ ಸೇರಿಸಿಸಬೇಕು. ಬಳೆಯ ಆಕಾರದ ವಾಚುಗಳು ನೋಡಲು ಈ ಸಮಸ್ಯೆಗೆ ಹೇಳಿ ಮಾಡಿಸಿದಂತೆ ಇರುತ್ತವೆ. ಆದರೆ ಸಡಿಲವಿದ್ದರೆ ತೂಕದ ಡಯಲು ತಿರುಗಿ ಕೈಯಡಿಗೆ ಹೋಗಿ ಕೂರುತ್ತದೆ. ಹೊತ್ತು ನೋಡಲು ಪ್ರತಿ ಸಲ ಇನ್ನೊಂದು ಕೈಯಿಂದ ಸರಿಮಾಡಿಕೊಳ್ಳಬೇಕು.

ಅಣ್ಣನ ಮಗಳ ಕೈಗೆ ಕೊನೆಗೆ ಆದದ್ದು ಹೀಗೆ. ಚಿನ್ನದ ಬಳೆಗಳೆರಡೂ ಬಲಗೈಗೆ, ಹಸಿರು ಬಳೆಗಳ ನಡುವೆ. ಎಡಗೈಗೆ ಬರೀ ಗಾಜಿನ ಬಳೆ, ಅವುಗಳ ಮೇಲ್ಗಡೆ ಚರ್ಮದ ಬೆಲ್ಟಿನ ಆ ಹಳೆಯ ಸಣ್ಣ ವಾಚು. ಅತ್ತೆ ಕೊಟ್ಟ ಚೈನಿನ ವಾಚು ಸಂಜೆಗೆ, ಬಳೆಯಿಲ್ಲದ ಕೈಗೆ. ಅವಳ ಅತ್ತೆಯೂ ಆರತಕ್ಷತೆಗೇ ಬರುವವರಿದ್ದರು. ಹಾಗಾಗಿ ಆ ಕಡೆಯಿಂದಲೂ ಬಚಾವು.

ಬಣ್ಣದ ವಿಚಾರಕ್ಕೆ ಈಗ ಬರೋಣ. ಸೀರೆಯ ಜರಿಗೂ ಬಳೆಗೂ ವಾಚಿಗೂ ಒಂದೇ ಚಿನ್ನದ ಬಣ್ಣ ಇರಲಿ ಎಂಬ ಆಸೆ ಸಹಜ. ಅದು ಈಡೇರುವುದು ಅಪರೂಪ. ನಮ್ಮ ಒಡವೆ 22 ಕ್ಯಾರೆಟ್ಟಿನದು, ನೂರಕ್ಕೆ 91.6 ಪಾಲು ಚಿನ್ನ, ದಟ್ಟ ಹಳದಿ. ವಾಚು ತಯಾರಿಸುವವರ ಲೆಕ್ಕ ಬೇರೆ. ಅವರು ಚಿನ್ನದ ಬಣ್ಣಗಳನ್ನು 1ಎನ್‌ನಿಂದ 5ಎನ್‌ವರೆಗೆ ಹೆಸರಿಸುತ್ತಾರೆ. ಮೊದಲ ಮೂರು ತಿಳಿಹಳದಿಯಿಂದ ಹಳದಿಯವರೆಗಿನವು, 4ಎನ್ ಗುಲಾಬಿ, 5ಎನ್ ಕೆಂಪು. ಹಳದಿ ವಾಚುಗಳಲ್ಲಿ ಸಾಮಾನ್ಯವಾಗಿ ಕಾಣುವುದು ತಿಳಿಹಳದಿ ಬಣ್ಣ, ಹೆಚ್ಚೆಂದರೆ 18 ಕ್ಯಾರೆಟ್ಟಿನ ಛಾಯೆ. ಅಪ್ಪಟ ಚಿನ್ನದ ವಾಚು ಕೊಂಡರೂ ಅಷ್ಟೇ. ವಾಚಿನ ಕೇಸಿಗೆ 22 ಕ್ಯಾರೆಟ್ ಮೆತ್ತಗಾಗುತ್ತದೆಂದು 18 ಕ್ಯಾರೆಟ್ಟನ್ನೇ ಬಳಸುತ್ತಾರೆ, ಒಡವೆಯ ಮೇಲೆ 916 ಎಂದಿರುವ ಕಡೆ ಅದರ ಮೇಲೆ 750 ಎಂದಿರುತ್ತದೆ. ಅಜ್ಜಿಯ ಕಾಲದ ಬಳೆಯ ಪಕ್ಕದಲ್ಲಿ ಈ ವಾಚು ಸೋತು ಸೊರಗಿದಂತೆ ಕಾಣುವುದು ಅದಕ್ಕೇ. ಗುಲಾಬಿ ಚಿನ್ನವಂತೂ ಪಕ್ಕದ ಹಳದಿ ಬಳೆಯನ್ನು ಹಸಿರುಗಟ್ಟಿದಂತೆ ತೋರಿಸುತ್ತದೆ. ಜರಿ ಇವೆರಡಕ್ಕೂ ಸೇರದ ಮೂರನೆಯ ಬಣ್ಣ. ಒಳಗಿನ ಎಳೆಯ ಬಣ್ಣ ಸುತ್ತಿನ ಸಂದುಗಳಿಂದ ಸೋಸಿ ಬರುವುದರಿಂದ ಕಂಚಿಯ ಹಳೆಯ ಜರಿ ಸ್ವಲ್ಪ ಕೆಂಪಗೆ, ಬೆಚ್ಚಗೆ ಕಾಣುತ್ತದೆ.

ನನ್ನ ಅಭಿಪ್ರಾಯದಲ್ಲಿ ಚಿನ್ನಕ್ಕೆ ಚಿನ್ನ ಹೊಂದಿಸುವ ಸ್ಪರ್ಧೆಗೇ ಇಳಿಯಬಾರದು. ಕೇಸು ಸಣ್ಣದಿದ್ದು ಬೆಲ್ಟು ಚರ್ಮದ್ದಾದರೆ ಕಾಣುವ ಲೋಹವೇ ಕಡಿಮೆ, ಹೋಲಿಸಿ ನೋಡಲು ಕಣ್ಣಿಗೆ ಹೆಚ್ಚೇನೂ ಸಿಗುವುದಿಲ್ಲ. ಅಥವಾ ಉಕ್ಕು ಮತ್ತು ಹಳದಿ ಸೇರಿದ್ದನ್ನು ಕಟ್ಟಿದರೆ ಹಳದಿಯ ಸಣ್ಣ ವ್ಯತ್ಯಾಸವನ್ನು ಪಕ್ಕದ ಬಿಳುಪು ನುಂಗಿಹಾಕುತ್ತದೆ. ಬೆಲ್ಟಿನ ಬಣ್ಣವನ್ನು ಸೀರೆಗೆ ಹೊಂದಿಸಲು ಹೋಗುವುದೂ ವ್ಯರ್ಥ ಕೆಲಸ. ಮಾಸಲು ಕೆಂಪಿನ ಚರ್ಮ ಹೊಳೆಯುವ ಕಡುಗೆಂಪು ರೇಷ್ಮೆಯ ಮುಂದೆ ಮಣ್ಣಿನಂತೆ ಕಾಣುತ್ತದೆ. ಗಾಢ ಕಂದು ಯಾವ ಸೀರೆಗೂ ಜಗಳ ತೆಗೆಯುವುದಿಲ್ಲ. ಅಣ್ಣನ ಮಗಳ ವಾಚಿಗೂ ಅದೇ ಬಣ್ಣದ ಹೊಸ ಬೆಲ್ಟು ಹಾಕಿಸಿದೆವು. ಬೆಲ್ಟು ಕೊಳ್ಳುವಾಗ ಕೇಸಿನ ಕೊಂಬುಗಳ ನಡುವಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಬೇಕು. ಅವಳದು 12 ಇತ್ತು. 10 ಹಾಕಿದರೆ ಪಕ್ಕದಲ್ಲಿ ಸಂದು ಉಳಿದು ಒಳಗಿನ ಪಿನ್ನಿನ ತುದಿ ಬಯಲಾಗುತ್ತದೆ, ಮತ್ತೆ ಸೆರಗಿಗೆ ಕೊಕ್ಕೆ.

ಚರ್ಮಕ್ಕೂ ಒಂದು ಪರೀಕ್ಷೆ ಉಂಟು. ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಹಿಂಡಿ ಬೆಲ್ಟಿನ ಎರಡೂ ಬದಿ ಗಟ್ಟಿಯಾಗಿ ಉಜ್ಜಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಮದುವೆ ಛತ್ರದ ಬೆವರಿಗೂ ಹತ್ತುತ್ತದೆ. ಸೀರೆಗಿಂತ ಹೆಚ್ಚಾಗಿ ಇದು ತಟ್ಟುವುದು ಗಂಡಸರ ಕುರ್ತಾಕ್ಕೆ. ಕೆನೆಬಣ್ಣದ ರೇಷ್ಮೆ ಕುರ್ತಾದ ತೋಳಿನ ಅಂಚಿನಲ್ಲಿ ಕಂದು ಗೆರೆ ಮೂಡಿದ್ದನ್ನು ಕೊಳೆ ಎಂದುಕೊಂಡು ಡ್ರೈ ಕ್ಲೀನಿಂಗಿಗೆ ಕೊಡುತ್ತಾರೆ. ಅದು ಕೊಳೆಯಲ್ಲ, ಬೆಲ್ಟಿನ ಬಣ್ಣ. ರೇಷ್ಮೆಯೊಳಗೆ ಇಳಿದ ಮೇಲೆ ಪೂರ್ತಿ ಹೋಗುವುದು ಕಷ್ಟ.

ಕುರ್ತಾದ ಮಟ್ಟಿಗೆ ಉಳಿದ ಮಾತು ಚಿಕ್ಕದು. ಶರ್ಟಿನ ಹಾಗೆ ಅದಕ್ಕೆ ಗುಂಡಿ ಹಾಕುವ ಕಫ್ ಇರುವುದಿಲ್ಲ. ತೋಳು ಸಡಿಲವಾಗಿ ಇಳಿದು ವಾಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಗಾಜಿನ ಸುತ್ತ ಹಲ್ಲು ಕೊರೆದ ಪಟ್ಟಿಯಿರುವ ಮುಳುಗುಗಾರರ ಮಾದರಿಯ ದಪ್ಪ ವಾಚುಗಳು ತೋಳಿನ ಅಂಚನ್ನು ಪ್ರತಿ ಸಲವೂ ಕೆರೆಯುತ್ತವೆ. ಶಲ್ಯ ಹೊದ್ದರಂತೂ ಅದರ ಜರಿಯಂಚು ನೇರವಾಗಿ ಮಣಿಕಟ್ಟಿಗೇ ಬರುತ್ತದೆ. ತೆಳ್ಳಗಿದ್ದಷ್ಟೂ ಒಳ್ಳೆಯದು. ಎಷ್ಟು ತೆಳ್ಳಗೆ ಮಾಡಬಹುದು ಎಂಬುದಕ್ಕೆ ನಮ್ಮ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಇರುವ ಟೈಟಾನ್‌ನವರು 2002ರಲ್ಲಿ ತಂದ ಎಡ್ಜ್ ಸಾಕ್ಷಿ. ಅದರ ಕೇಸಿನ ದಪ್ಪ ಮೂರೂವರೆ ಮಿಲಿಮೀಟರು, ಒಂದರ ಮೇಲೊಂದು ಎರಡು ನಾಣ್ಯ ಇಟ್ಟಷ್ಟು. ಸ್ಮಾರ್ಟ್ ವಾಚು ಕಟ್ಟುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಅಕ್ಷತೆ ಹಾಕಲು ಕೈಯೆತ್ತಿದಾಗಲೆಲ್ಲ ಪರದೆ ಬೆಳಗಿ ಫೋಟೊದಲ್ಲಿ ಬೀಳುತ್ತದೆ. ಕೈಯೆತ್ತಿದರೆ ಬೆಳಗುವ ಆ ಸೌಲಭ್ಯವನ್ನು ಒಂದು ಹೊತ್ತಿಗೆ ಆರಿಸಿಟ್ಟರೆ ಯಾರಿಗೂ ನಷ್ಟವಿಲ್ಲ.

ಶಾಸ್ತ್ರಗಳ ನಡುವೆ ವಾಚು ಬಿಚ್ಚಿಡಬೇಕಾದ ಹೊತ್ತು ಎರಡು. ಒಂದು ಅರಿಶಿನ ಹಚ್ಚುವಾಗ. ಲೋಹಕ್ಕೆ ಹತ್ತಿದ ಅರಿಶಿನ ತೊಳೆದರೆ ಹೋಗುತ್ತದೆ, ಚರ್ಮದ ಬೆಲ್ಟಿಗೂ ಅದರ ಹೊಲಿಗೆಯ ದಾರಕ್ಕೂ ಹತ್ತಿದ್ದು ಹೋಗುವುದಿಲ್ಲ. ಇನ್ನೊಂದು ಧಾರೆ. ಹುಡುಗಿಯ ತಂದೆ ತಾಯಿ ಕೈಯೊಡ್ಡಿ ನಿಂತಿರುವಾಗ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಂದು ಹಾಲು ನೀರು ಎರೆಯುವ ಪದ್ಧತಿ ಎಷ್ಟೋ ಮನೆತನಗಳಲ್ಲಿದೆ. ವಾಚಿನ ಬೆನ್ನಿಗೆ 30 ಮೀಟರು ನೀರು ತಡೆಯುತ್ತದೆ ಎಂದು ಬರೆದಿದ್ದರೂ ಅದು ಪ್ರಯೋಗಾಲಯದ ಒತ್ತಡದ ಲೆಕ್ಕ. ದಿನಬಳಕೆಯಲ್ಲಿ ಅದಕ್ಕೆ ಮಳೆಹನಿ, ಕೈ ತೊಳೆದ ತುಂತುರು ಅಷ್ಟೇ ಭಾಗ್ಯ. ನೀರು ಒಳಗೆ ಹೋಗದಿದ್ದರೂ ಚೈನಿನ ಕೊಂಡಿಗಳೊಳಗೆ ಇಳಿದ ಹಾಲು ಮಾರನೆಯ ದಿನದಿಂದ ನಾರಲು ಶುರುವಾಗುತ್ತದೆ. ಹಾಗಾದರೆ ಮೆತ್ತಗಿನ ಬ್ರಷ್ಷಿನಿಂದ ಸಾಬೂನು ನೀರು ಹಚ್ಚಿ ಚೈನನ್ನು ಮಾತ್ರ ತೊಳೆದು ಒಣಗಿಸಬೇಕು. ಮದುಮಕ್ಕಳಿಗೆ ಈ ಚಿಂತೆಯೇ ಇಲ್ಲ. ಗಂಡಿನ ಬಲಗೈಗೆ, ಹೆಣ್ಣಿನ ಎಡಗೈಗೆ ಕಂಕಣ ಬಂದು ಕೂತಿರುತ್ತದೆ, ಆರತಕ್ಷತೆಯವರೆಗೆ ವಾಚು ಪೆಟ್ಟಿಗೆಯಲ್ಲೇ ಇರಲಿ. ಅತ್ತರು, ಸೆಂಟು ಹಾಕಿಕೊಳ್ಳುವವರು ಮಣಿಕಟ್ಟಿಗೆ ಹಾಕಿ ಅದರ ಮೇಲೆಯೇ ವಾಚು ಕಟ್ಟಬಾರದು. ಲೇಪಕ್ಕೂ ಚರ್ಮಕ್ಕೂ ಅದು ಕೆಡುಕು, ಕೈ ತಾಗಿದ ಜರಿಯ ಬೆಳ್ಳಿಯೂ ಕಪ್ಪಾಗುತ್ತದೆ.

ಇಷ್ಟೆಲ್ಲ ನೋಡಿಯೂ ಎಳೆ ಸಿಕ್ಕಿಕೊಂಡಿತು ಅಂದುಕೊಳ್ಳಿ. ಕೈಯನ್ನು ಎಳೆಯಬೇಡಿ. ಅಲ್ಲೇ ನಿಂತು ವಾಚಿನ ಬಕಲು ಬಿಚ್ಚಿ, ಬಟ್ಟೆಯ ಜೊತೆಗೇ ವಾಚನ್ನು ಕೈಯಿಂದ ತೆಗೆದು, ಆಮೇಲೆ ಬಿಡಿಸಿ. ಎದ್ದ ಕುಣಿಕೆಯನ್ನು ಕತ್ತರಿಸುವುದಂತೂ ಕೂಡದು, ಅಲ್ಲಿಂದ ತೂತೇ ಆಗುತ್ತದೆ. ಮನೆಗೆ ಬಂದ ಮೇಲೆ ಸುಕ್ಕಾದ ಜಾಗದ ಎರಡೂ ಬದಿಯನ್ನು ಬೆರಳಿನಿಂದ ಹಿಡಿದು ಎಳೆ ಓಡುವ ದಿಕ್ಕಿಗೆ ಮೆಲ್ಲಮೆಲ್ಲಗೆ ಜಗ್ಗುತ್ತಾ ಬಂದರೆ ಕುಣಿಕೆಯ ಬಹುಪಾಲು ತನ್ನ ಜಾಗಕ್ಕೆ ಹೋಗುತ್ತದೆ. ಉಳಿದದ್ದನ್ನು ಮೊಂಡು ಸೂಜಿಯ ತುದಿಯಿಂದ ಹಿಂಬದಿಗೆ ದಾಟಿಸಬಹುದು. ಜರಿ ಕಿತ್ತುಬಂದಿದ್ದರೆ ನೀವೇ ಕೈಹಾಕದೆ ರಫೂ ಮಾಡುವವರಿಗೆ ಕೊಡಿ.

ಕೊನೆಯದಾಗಿ ವರ್ಷಕ್ಕೆ ಮೂರ್ನಾಲ್ಕು ಸಲ ಮಾತ್ರ ಕಟ್ಟುವ ವಾಚಿನ ಗೋಳು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಬೀರುವಿನಿಂದ ತೆಗೆದರೆ ಮುಳ್ಳು ನಿಂತಿರುತ್ತದೆ. ಸೆಲ್ಲು ಮುಗಿದು ಒಳಗೇ ಉಳಿದರೆ ಸೋರಿ ಯಂತ್ರವನ್ನೇ ಹಾಳುಮಾಡಬಹುದು. ಆದ್ದರಿಂದ ನಿಂತ ವಾಚನ್ನು ಹಾಗೇ ಒಳಗಿಡದೆ ಸೆಲ್ಲು ತೆಗೆಸಿಬಿಡಬೇಕು. ನಡೆಯುತ್ತಿರುವ ವಾಚಾದರೆ ಹಬ್ಬ ಮುಗಿದ ಮೇಲೆ ಕೀ ಗುಂಡಿಯನ್ನು ಹೊರಕ್ಕೆ ಎಳೆದು ಮುಳ್ಳು ನಿಲ್ಲಿಸಿ ಇಟ್ಟರೆ ಸೆಲ್ಲು ಹೆಚ್ಚು ದಿನ ಬರುತ್ತದೆ. ಮತ್ತೆ ಕಟ್ಟುವಾಗ ಗುಂಡಿಯನ್ನು ಒಳಕ್ಕೆ ಒತ್ತುವುದು ನೆನಪಿರಲಿ, ಎಳೆದ ಗುಂಡಿಯ ಸಂದಿನಿಂದ ನೀರೂ ಹೋಗುತ್ತದೆ, ಸೆರಗಿಗೂ ಅದು ಇನ್ನಷ್ಟು ಚಾಚಿಕೊಂಡಿರುತ್ತದೆ.

ಅಪರೂಪಕ್ಕೆ ಕಟ್ಟುವವರಿಗೆ ನಾನು ಹೇಳುವುದು ದಿನಾಂಕ, ವಾರ ತೋರಿಸದ, ಕೈಯಿಂದ ಕೀ ಕೊಡುವ ವಾಚನ್ನು. ನಿಂತಿದ್ದರೂ ಚಿಂತೆಯಿಲ್ಲ, ಬೆಳಿಗ್ಗೆ ಕೀ ಕೊಟ್ಟು ಹೊತ್ತು ಸರಿಮಾಡಿದರೆ ರಾತ್ರಿ ಬೀಗರ ಊಟ ಮುಗಿಯುವವರೆಗೂ ನಡೆಯುತ್ತದೆ. ಇಂಥದ್ದು ಬಹಳ ಮನೆಗಳಲ್ಲಿ ಈಗಾಗಲೇ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ಜನತಾ, ಅಜ್ಜನದೋ ಅಪ್ಪನದೋ. ಸುಮಾರು 35 ಮಿಲಿಮೀಟರಿನ ಕೇಸು, ಸಾದಾ ಡಯಲು, ಕೆನೆಬಣ್ಣದ ಕುರ್ತಾಕ್ಕೆ ಅದಕ್ಕಿಂತ ಹೊಂದುವ ವಾಚು ಹೊಸದರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದರ ಮೇಲಿರುವುದು ಗಾಜಲ್ಲ, ಅಕ್ರಿಲಿಕ್. ಬೇಗ ಗೀರು ಬೀಳುತ್ತದೆ, ಆದರೆ ಪಾಲಿಶ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ. ನೀರು ಮಾತ್ರ ತಾಗಿಸುವಂತಿಲ್ಲ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿದ ಮೇಲೆ ಹಳೆಯದಕ್ಕೆ ಗಿರಾಕಿ ಹೆಚ್ಚಿದ್ದಾರೆ. ಒಂದು ವಾಚಿನ ಕೇಸಿಗೆ ಇನ್ನೊಂದರ ಯಂತ್ರ ಕೂರಿಸಿ, ಡಯಲಿಗೆ ಢಾಳಾದ ಹೊಸ ಬಣ್ಣ ಬಳಿದು ಮಾರುವವರೂ ಇದ್ದಾರೆ. ಅಕ್ಷರದ ಅಂಚು ಕಲೆಸಿದಂತಿದ್ದರೆ, ಹಿಂಬದಿಯ ಮುಚ್ಚಳ ಒಂದು ವಯಸ್ಸಿನದು, ಡಯಲು ಇನ್ನೊಂದು ವಯಸ್ಸಿನದು ಅನ್ನಿಸಿದರೆ ಕೊಳ್ಳಬೇಡಿ. ಮನೆಯದೇ ಇದ್ದರೆ ಮದುವೆಗೆ ಒಂದು ತಿಂಗಳು ಮೊದಲೇ ರಿಪೇರಿಯವರಿಗೆ ಕೊಟ್ಟು ಎಣ್ಣೆ ಹಾಕಿಸಿ. ಒಣಗಿದ ಎಣ್ಣೆಯಲ್ಲೇ ಕೀ ಕೊಟ್ಟು ಓಡಿಸಿದರೆ ಗಾಲಿಗಳ ಅಚ್ಚು ಸವೆಯುತ್ತದೆ, ಮತ್ತು ಲಗ್ನದ ತಿಂಗಳಲ್ಲಿ ಅವರ ಹತ್ತಿರವೂ ಸಾಲು ಉದ್ದವಿರುತ್ತದೆ.